ಸ್ಟೀಮ್ ಕೀ ಕೈಕೊಟ್ಟಾಗ: ಅಗ್ಗದ ಕೀಯ ದೋಷ ಪತ್ತೆ ಮಾಡುವ ಬಗೆ

ಸ್ಟೀಮ್ ಅನ್ನುವ ಪಿಸಿ ಗೇಮ್ ಅಂಗಡಿಯ ಖಾತೆಗೆ ಗೇಮ್ ಸೇರಿಸಲು ಹಾಕುವ ಕೋಡೇ ಸ್ಟೀಮ್ ಕೀ. ಅದು ಕೆಲಸ ಮಾಡಲಿಲ್ಲ ಅಂದ ತಕ್ಷಣ ಅದನ್ನೇ ಮತ್ತೆ ಮತ್ತೆ ಟೈಪ್ ಮಾಡಬೇಡಿ. ತಪ್ಪು ಪ್ರಯತ್ನ ಹೆಚ್ಚಾದರೆ ಸ್ಟೀಮ್ ಸ್ವಲ್ಪ ಹೊತ್ತು ಬಾಗಿಲು ಹಾಕಿಬಿಡುತ್ತದೆ. ಆಗ ಪರದೆಯ ಮೇಲೆ `too many recent activation attempts` ಎಂಬ ಸಂದೇಶ ಬರುತ್ತದೆ. ಇದು ಬಂದರೆ ಒಂದು ಗಂಟೆ ಬಿಟ್ಟು ಬನ್ನಿ. ಅದಕ್ಕಿಂತ ಮೊದಲು ಬಂದಿದ್ದ ಸಂದೇಶವೇ ನಮಗೆ ಮುಖ್ಯ. ಅದನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಆ ಒಂದು ಸಾಲು ನೋಡಿದರೆ ನಿಮ್ಮ ಕೀ ಎಲ್ಲಿಂದ ಬಂತು, ಯಾಕೆ ಅಷ್ಟು ಕಡಿಮೆಗೆ ಸಿಕ್ಕಿತು ಅನ್ನುವುದನ್ನು ಬಹುಪಾಲು ಊಹಿಸಬಹುದು.

ಇಲ್ಲಿ ಸ್ಟೀಮ್ ಕೀಗಳ ಬಗ್ಗೆ ಮಾತ್ರ ಬರೆಯುತ್ತಿದ್ದೇನೆ. ಪಿಸಿ ಗೇಮ್ ಕೀ ಮಾರಾಟದಲ್ಲಿ ಜಾಸ್ತಿ ಓಡಾಡುವುದು ಅವೇ. ಬೇರೆ ಲಾಂಚರ್‌ಗಳಲ್ಲಿ ಸಂದೇಶದ ಮಾತು ಬೇರೆ ಇದ್ದರೂ ಕಾರಣಗಳು ಹೆಚ್ಚುಕಡಿಮೆ ಇವೇ.

ಮೊದಲು ಕೀ ಅಂದರೆ ಏನು ಅಂತ ನೋಡೋಣ

ಹದಿನೈದು ಅಕ್ಷರ, ಐದೈದರ ಮೂರು ಗುಂಪು, ನಡುವೆ ಅಡ್ಡಗೆರೆ. ಕೀ ಸಾಮಾನ್ಯವಾಗಿ ಹೀಗಿರುತ್ತದೆ. ಈ ಅಕ್ಷರಗಳನ್ನು ನೋಡಿ ಕೀ ಯಾವ ದೇಶದ್ದು ಅಂತ ಯಾರಿಂದಲೂ ಹೇಳಲಾಗುವುದಿಲ್ಲ. ದೇಶದ ವಿವರ ಕೀಯೊಳಗೆ ಇರುವುದಿಲ್ಲ, ಸ್ಟೀಮ್‌ನ ಸರ್ವರ್‌ನಲ್ಲಿ ಇರುತ್ತದೆ. ಅಲ್ಲಿ ಪ್ರತಿ ಕೀಯೂ ಒಂದು ‘ಪ್ಯಾಕೇಜ್’ಗೆ ಸೇರಿರುತ್ತದೆ. ಒಂದೇ ಗೇಮ್‌ಗೆ ಹಲವು ಪ್ಯಾಕೇಜ್ ಇರಬಹುದು: ಇಡೀ ಜಗತ್ತಿಗೆ ಒಂದು, ಯಾವುದೋ ಕೆಲವು ದೇಶಗಳಿಗೆ ಒಂದು, ಪರೀಕ್ಷೆ ಮಾಡುವವರಿಗೆ ಇನ್ನೊಂದು. ನೀವು ಕೀ ಹಾಕಿದಾಗ ಸ್ಟೀಮ್ ಆ ಪ್ಯಾಕೇಜ್‌ನ ನಿಯಮ ತೆಗೆದು ನೋಡುತ್ತದೆ. ಈ ದೇಶದಲ್ಲಿ ಕೊಡಬಹುದಾ? ಈ ಕೀ ಮೊದಲೇ ಬಳಕೆಯಾಗಿದೆಯಾ? ಗೇಮ್ ಹೊರತರುವ ಪಬ್ಲಿಷರ್ ಇದನ್ನು ರದ್ದು ಮಾಡಿದ್ದಾರಾ?

ಇನ್ನೊಂದು ವಿಷಯ. ಈ ಕೀಗಳನ್ನು ಸ್ಟೀಮ್ ನಡೆಸುವ ವಾಲ್ವ್ ಕಂಪನಿ ಗೇಮ್ ಮಾಡುವವರಿಗೆ ಉಚಿತವಾಗಿಯೇ ಕೊಡುತ್ತದೆ. ಸ್ಟೀಮ್ ಅಂಗಡಿಯಲ್ಲಿ ಗೇಮ್ ಮಾರಿದರೆ ವಾಲ್ವ್‌ಗೆ ಸಾಮಾನ್ಯವಾಗಿ 30% ಪಾಲು ಹೋಗುತ್ತದೆ. ಹೊರಗೆ ಕೀ ಮಾರಿದರೆ ವಾಲ್ವ್ ಏನೂ ತೆಗೆದುಕೊಳ್ಳುವುದಿಲ್ಲ. ಹೀಗಾಗಿ ಪಬ್ಲಿಷರ್ ಜೊತೆ ಒಪ್ಪಂದ ಮಾಡಿಕೊಂಡ ಹೊರಗಿನ ಅಂಗಡಿಗಳಿಗೂ ಸ್ವಲ್ಪ ರಿಯಾಯಿತಿ ಕೊಡಲು ಜಾಗ ಇರುತ್ತದೆ. ಹಂಬಲ್, ಫನಾಟಿಕಲ್, ಗ್ರೀನ್ ಮ್ಯಾನ್ ಗೇಮಿಂಗ್ ಈ ಬಗೆಯವು. ಇವು ಪಬ್ಲಿಷರ್‌ನಿಂದಲೇ ನೇರವಾಗಿ ಕೀ ತರುತ್ತವೆ. ಇಲ್ಲಿ ಕಡಿಮೆ ಬೆಲೆ ಕಂಡರೆ ಅನುಮಾನ ಪಡಬೇಕಾಗಿಲ್ಲ.

ತೊಂದರೆ ಬರುವುದು ಎರಡನೇ ಬಗೆಯ ಜಾಗದಲ್ಲಿ. ಜಿ2ಎ, ಕಿಂಗ್ವಿನ್, ಎನೆಬಾ ಥರದವು ಮಾರ್ಕೆಟ್‌ಪ್ಲೇಸ್‌ಗಳು. ಅಲ್ಲಿ ಮಾರುವವರು ಯಾರೋ ಬೇರೆ ಬೇರೆ ಜನ, ಸೈಟ್ ಜಾಗ ಕೊಟ್ಟು ಕಮಿಷನ್ ತೆಗೆದುಕೊಳ್ಳುತ್ತದೆ. ಮಾರುವವನಿಗೆ ಆ ಕೀ ಎಲ್ಲಿಂದ ಸಿಕ್ಕಿತು ಅನ್ನುವುದು ಕೊಳ್ಳುವವರಿಗೆ ಕಾಣುವುದಿಲ್ಲ. ಅಲ್ಲಿ ಒಳ್ಳೆ ಕೀಗಳೂ ಬೇಕಾದಷ್ಟು ಸಿಗುತ್ತವೆ. ಯಾರೋ ಬಂಡಲ್ ಕೊಂಡು ಅದರಲ್ಲಿ ತಮಗೆ ಬೇಡದ ಗೇಮ್ ಮಾರಿರುತ್ತಾರೆ, ಗ್ರಾಫಿಕ್ಸ್ ಕಾರ್ಡ್ ಜೊತೆ ಬಂದ ಕೋಡ್ ಮಾರಿರುತ್ತಾರೆ. ಆದರೆ ಅದೇ ಸಾಲಿನಲ್ಲಿ, ಅದೇ ಬೆಲೆಗೆ, ಬೇರೆ ದೇಶದ ಕೀ, ಕದ್ದ ಕಾರ್ಡಿನಲ್ಲಿ ಕೊಂಡ ಕೀ, ಸುಳ್ಳು ಹೇಳಿ ಪಡೆದ ವಿಮರ್ಶಕರ ಕೀ ಎಲ್ಲವೂ ಇರುತ್ತವೆ. ದೋಷ ಪತ್ತೆ ಅಂದರೆ ನಿಮಗೆ ಸಿಕ್ಕಿದ್ದು ಇವುಗಳಲ್ಲಿ ಯಾವುದು ಅಂತ ಕಂಡುಹಿಡಿಯುವುದು.

ಲಕ್ಷಣ ಒಂದು: ನಿಮ್ಮ ದೇಶದಲ್ಲಿ ಸಿಗುವುದಿಲ್ಲ ಅನ್ನುತ್ತದೆ

```
Sorry, but the product is not available for purchase
in this country. Your product key has not been redeemed.
```

ಈ ಸಂದೇಶದ ಎರಡನೇ ವಾಕ್ಯವನ್ನು ಗಮನವಿಟ್ಟು ಓದಿ. ಕೀ ಬಳಕೆಯಾಗಿಲ್ಲ, ಇನ್ನೂ ಜೀವಂತವಾಗಿದೆ ಅಂತ ಸ್ಟೀಮ್ ತಾನೇ ಹೇಳುತ್ತಿದೆ. ಹಣ ವಾಪಸ್ ಕೇಳುವಾಗ ನಿಮ್ಮ ಕೈಯಲ್ಲಿರುವ ಅತಿ ಬಲವಾದ ಸಾಕ್ಷಿ ಇದೇ. ಮಾರಿದವನು ಆ ಕೀಯನ್ನು ಸರಿಯಾದ ದೇಶದವರಿಗೆ ಮತ್ತೆ ಮಾರಬಹುದು, ಅವನಿಗೆ ನಷ್ಟ ಇಲ್ಲ.

ಇಂಥ ಕೀ ಹುಟ್ಟುವುದು ದೇಶದಿಂದ ದೇಶಕ್ಕೆ ಬೆಲೆ ಬೇರೆ ಇರುವುದರಿಂದ. ಸಂಬಳ ಕಡಿಮೆ ಇರುವ ದೇಶಗಳಲ್ಲಿ ಗೇಮ್‌ಗೂ ಕಡಿಮೆ ಬೆಲೆ ಇಡುತ್ತಾರೆ. ಭಾರತದಲ್ಲಿ ಸ್ಟೀಮ್ ರೂಪಾಯಿ ಬೆಲೆ ತೋರಿಸತೊಡಗಿದ್ದು 2015ರ ನವೆಂಬರ್‌ನಿಂದ, ಮತ್ತು ಇಲ್ಲಿನ ಬೆಲೆ ಅಮೆರಿಕ, ಯುರೋಪಿಗಿಂತ ಎಷ್ಟೋ ಗೇಮ್‌ಗಳಿಗೆ ಕಡಿಮೆಯೇ. ಅರ್ಜೆಂಟೀನಾ ಮತ್ತು ಟರ್ಕಿಯಲ್ಲಿ ಅಲ್ಲಿನ ಹಣದ ಬೆಲೆ ಕುಸಿದು ಗೇಮ್‌ಗಳು ತೀರಾ ಅಗ್ಗವಾಗಿದ್ದವು. ಜಗತ್ತಿನ ಎಲ್ಲ ಕಡೆಯಿಂದ ಜನ ಅಲ್ಲಿನವರ ಹಾಗೆ ತೋರಿಸಿಕೊಂಡು ಕೊಳ್ಳತೊಡಗಿದರು. 2023ರ ನವೆಂಬರ್‌ನಲ್ಲಿ ವಾಲ್ವ್ ಆ ಎರಡೂ ದೇಶಗಳನ್ನು ಡಾಲರ್ ಬೆಲೆಗೆ ಬದಲಾಯಿಸಿತು. ಅಲ್ಲಿನ ಸಾಮಾನ್ಯ ಆಟಗಾರರಿಗೆ ಇದರಿಂದ ಬಿದ್ದ ಹೊಡೆತ ಕಡಿಮೆಯದಲ್ಲ. ಯಾರೋ ಮಾಡಿದ್ದಕ್ಕೆ ಅವರು ಬೆಲೆ ತೆತ್ತರು ಅನ್ನುವುದು ನನಗೆ ಬೇಸರದ ಸಂಗತಿ.

ಅಗ್ಗದ ದೇಶದ ಕೀ ದುಬಾರಿ ದೇಶಕ್ಕೆ ಹರಿದು ಹೋಗಬಾರದು ಅಂತ ಪಬ್ಲಿಷರ್‌ಗಳು ಪ್ಯಾಕೇಜ್‌ಗೆ ಬೀಗ ಹಾಕುತ್ತಾರೆ. ಇದೇ ರೀಜನ್ ಲಾಕ್. ಇದು ಎಷ್ಟು ದೊಡ್ಡ ವ್ಯವಹಾರ ಅನ್ನುವುದಕ್ಕೆ ಯುರೋಪಿನ ಒಂದು ಪ್ರಕರಣ ಸಾಕು. ಪೋಲೆಂಡ್, ಚೆಕ್, ಹಂಗೇರಿ, ರೊಮೇನಿಯಾ, ಬಾಲ್ಟಿಕ್ ದೇಶಗಳಂಥ ಕಡೆ ಮಾರಿದ ಕೆಲವು ಕೀಗಳು ಯುರೋಪಿನ ಬೇರೆ ದೇಶಗಳಲ್ಲಿ ತೆರೆಯದ ಹಾಗೆ ಬೀಗ ಹಾಕಿದ್ದಕ್ಕೆ 2021ರ ಜನವರಿಯಲ್ಲಿ ಯುರೋಪಿಯನ್ ಕಮಿಷನ್ ವಾಲ್ವ್‌ಗೂ ಐದು ಪಬ್ಲಿಷರ್‌ಗಳಿಗೂ ಸೇರಿಸಿ 78 ಲಕ್ಷ ಯೂರೋ ದಂಡ ಹಾಕಿತು. ಈ ತೀರ್ಪು ಯುರೋಪಿನ ಒಳಗಿನ ಬೀಗಕ್ಕೆ ಮಾತ್ರ. ಭಾರತದಲ್ಲಿ ಕೂತು ಪೋಲೆಂಡ್ ಕೀ ಕೊಂಡವರಿಗೆ ಇದರಿಂದ ಯಾವ ಹಕ್ಕೂ ಬರುವುದಿಲ್ಲ.

ಬೀಗದಲ್ಲೂ ಎರಡು ಬಗೆ ಇದೆ. ಒಂದು, ಆಕ್ಟಿವೇಟ್ ಮಾಡುವಾಗ ಮಾತ್ರ ದೇಶ ನೋಡುವುದು. ಇನ್ನೊಂದು, ಪ್ರತಿ ಸಲ ಗೇಮ್ ಓಡಿಸುವಾಗಲೂ ನೋಡುವುದು. ಎರಡನೆಯದು ಹೆಚ್ಚು ಅಪಾಯದ್ದು, ಯಾಕಂದರೆ ಕೀ ಸಲೀಸಾಗಿ ಒಳಗೆ ಹೋಗಿ, ಲೈಬ್ರರಿಯಲ್ಲಿ ಗೇಮ್ ಕಂಡು, ಡೌನ್‌ಲೋಡ್ ಕೂಡ ಆಗಿ, ಆಮೇಲೆ ಓಡುವುದಿಲ್ಲ. ಆ ಹೊತ್ತಿಗೆ ಕೀ ಬಳಕೆಯಾಗಿಬಿಟ್ಟಿರುತ್ತದೆ. ಇದನ್ನು ಮೊದಲೇ ತಿಳಿಯುವ ದಾರಿ ಇದೆ. ಸ್ಟೀಮ್‌ಡಿಬಿ ಸೈಟಿನಲ್ಲಿ ಆ ಗೇಮ್ ತೆರೆದು ಪ್ಯಾಕೇಜ್‌ಗಳ ಪಟ್ಟಿಗೆ ಹೋಗಿ. ಬೀಗ ಇರುವ ಪ್ಯಾಕೇಜ್‌ಗಳಲ್ಲಿ ಈ ಹೆಸರಿನ ಸಾಲುಗಳು ಕಾಣುತ್ತವೆ:

```
PurchaseRestrictedCountries
AllowPurchaseFromRestrictedCountries
OnlyAllowRunInCountries
```

ಮೊದಲನೆಯದರಲ್ಲಿ ದೇಶಗಳ ಎರಡಕ್ಷರದ ಪಟ್ಟಿ ಇರುತ್ತದೆ. ಭಾರತ ಅಂದರೆ `IN`. ಎರಡನೆಯದು ‘ಹೌದು’ ಅಂತಿದ್ದರೆ ಪಟ್ಟಿಯಲ್ಲಿರುವ ದೇಶಗಳಿಗೆ ಮಾತ್ರ ಕೊಡುತ್ತದೆ, ‘ಇಲ್ಲ’ ಅಂತಿದ್ದರೆ ಪಟ್ಟಿಯಲ್ಲಿರುವ ದೇಶಗಳಿಗೆ ಕೊಡುವುದಿಲ್ಲ. ಇದನ್ನು ಉಲ್ಟಾ ಓದುವವರು ತುಂಬಾ ಜನ, ಹಾಗಾಗಿ ಎರಡನ್ನೂ ಒಟ್ಟಿಗೆ ಓದಿ. ಮೂರನೆಯ ಸಾಲು ಇದ್ದರೆ ಅದು ಓಡಿಸುವಾಗಿನ ಬೀಗ. ನಿಮ್ಮ ಕೀ ಯಾವ ಪ್ಯಾಕೇಜ್‌ನದು ಅಂತ ಹಾಕುವ ಮೊದಲು ಖಚಿತವಾಗಿ ತಿಳಿಯದು. ಆದರೂ ಆ ಗೇಮ್‌ಗೆ ಬೀಗದ ಪ್ಯಾಕೇಜ್ ಒಂದೂ ಇಲ್ಲ ಅಂತಾದರೆ ಚಿಂತೆ ಕಡಿಮೆ. ನಾಲ್ಕೈದು ಇವೆ ಅಂತಾದರೆ ‘ಗ್ಲೋಬಲ್’ ಅಂತ ಬರೆದ ಅಗ್ಗದ ಕೀಯನ್ನು ನಂಬುವ ಮುನ್ನ ಯೋಚಿಸಬೇಕು.

ಒಂದು ಪ್ರಕರಣ ಪೂರ್ತಿಯಾಗಿ

ಧಾರವಾಡದಲ್ಲಿ ಓದುತ್ತಿರುವ ನನ್ನ ಅಕ್ಕನ ಮಗ ಒಂದು ಮಾರ್ಕೆಟ್‌ಪ್ಲೇಸ್‌ನಲ್ಲಿ ಕೀ ಕೊಂಡ. ಸ್ಟೀಮ್‌ನಲ್ಲಿ 2,999 ರೂಪಾಯಿ ಇದ್ದ ಗೇಮ್, ಅಲ್ಲಿ 1,400ರ ಆಸುಪಾಸು. ಪುಟದ ತಲೆಬರಹದಲ್ಲಿ ‘ಗ್ಲೋಬಲ್’ ಅಂತ ಇತ್ತು. ಕೀ ಹಾಕಿದ ಕೂಡಲೇ ಮೇಲಿನ ಸಂದೇಶ ಬಂತು. “ಮಾಮಾ, ದುಡ್ಡು ಹೋಯ್ತು ಅನಿಸ್ತದ” ಅಂತ ಫೋನ್ ಮಾಡಿದ.

“ಬೇರೆ ಏನೂ ಒತ್ತಬೇಡ. ಸ್ಕ್ರೀನ್ ಹಾಗೇ ಇರಲಿ, ಫೋಟೊ ತೆಗಿ” ಅಂದೆ.

ಮೊದಲು ಅವನ ಕಂಪ್ಯೂಟರಿನಲ್ಲಿ ವಿಪಿಎನ್ ಏನಾದರೂ ಓಡುತ್ತಿದೆಯಾ ಅಂತ ನೋಡಿದೆವು. ಕಾಲೇಜಿನ ಕೆಲಸಕ್ಕೆ ಹಾಕಿಕೊಂಡ ವಿಪಿಎನ್ ಮರೆತು ಆನ್ ಇದ್ದರೂ ಸ್ಟೀಮ್‌ಗೆ ನೀವು ಬೇರೆ ದೇಶದಲ್ಲಿದ್ದ ಹಾಗೆ ಕಾಣುತ್ತದೆ. ಹಾಗಾದಾಗ ತಪ್ಪು ಕೀಯದ್ದಲ್ಲ. ಅವನಲ್ಲಿ ಅಂಥದ್ದೇನೂ ಇರಲಿಲ್ಲ. ಅಕೌಂಟ್ ವಿವರದಲ್ಲಿ ದೇಶ ಭಾರತ ಅಂತಲೇ ಇತ್ತು.

ಆಮೇಲೆ ಅವನು ಕೊಂಡ ಪುಟವನ್ನು ತೆರೆದೆವು. ತಲೆಬರಹದ ಕೆಳಗೆ, ಚಿಕ್ಕ ಅಕ್ಷರದಲ್ಲಿ, ‘ಭಾರತದಲ್ಲಿ ಆಕ್ಟಿವೇಟ್ ಮಾಡಬಹುದು’ ಅಂತ ಹಸಿರು ಗುರುತಿನ ಜೊತೆ ಇತ್ತು. ಇದು ನಮಗೆ ಒಳ್ಳೆಯದೇ ಆಯಿತು. ಆ ಸಾಲು ‘ಸಾಧ್ಯವಿಲ್ಲ’ ಅಂತ ಇದ್ದಿದ್ದರೆ ತಪ್ಪು ಕೊಂಡವನದ್ದು ಅಂತ ಸೈಟ್ ಕೈತೊಳೆದುಕೊಳ್ಳುತ್ತಿತ್ತು. ಪುಟವನ್ನು ಪೂರ್ತಿ ಸ್ಕ್ರೀನ್‌ಶಾಟ್ ತೆಗೆದುಕೊಂಡೆವು, ಯಾಕಂದರೆ ಮಾರುವವನು ಆ ಮಾಹಿತಿಯನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು.

ಮೂರನೆಯದಾಗಿ ಸ್ಟೀಮ್‌ನ ಲೈಸೆನ್ಸ್ ಪುಟ:

```
https://store.steampowered.com/account/licenses
```

ಈ ಪುಟದಲ್ಲಿ ನಿಮ್ಮ ಖಾತೆಗೆ ಬಂದ ಪ್ರತಿ ಗೇಮ್‌ನ ತಾರೀಖು, ಪ್ಯಾಕೇಜ್‌ನ ಹೆಸರು, ಬಂದ ದಾರಿ ಇರುತ್ತದೆ. ಕೀ ಮೂಲಕ ಬಂದದ್ದಕ್ಕೆ `Retail` ಅಂತ ಇರುತ್ತದೆ. ಆ ದಿನದ ತಾರೀಖಿನಲ್ಲಿ ಅವನ ಖಾತೆಗೆ ಏನೂ ಬಂದಿರಲಿಲ್ಲ. ಅದನ್ನೂ ಸ್ಕ್ರೀನ್‌ಶಾಟ್ ತೆಗೆದೆವು.

ಈ ಮೂರು ಚಿತ್ರ, ಆರ್ಡರ್ ನಂಬರ್ ಹಾಕಿ ದೂರು ಕೊಟ್ಟಾಗ ಬಂದ ಮೊದಲ ಉತ್ತರ: ವಿಪಿಎನ್ ಹಾಕಿಕೊಂಡು ಇಂಥ ದೇಶದಿಂದ ಆಕ್ಟಿವೇಟ್ ಮಾಡಿ, ಆಮೇಲೆ ನಿಮ್ಮಲ್ಲೂ ಓಡುತ್ತದೆ. ಇದು ತುಂಬಾ ಸಾಮಾನ್ಯವಾದ ಉತ್ತರ, ಮತ್ತು ಇದನ್ನು ಒಪ್ಪಬಾರದು. ಸ್ಟೀಮ್ ಖಾತೆ ತೆರೆಯುವಾಗ ನಾವು ಒಪ್ಪಿದ ಕರಾರಿನಲ್ಲೇ ಇದೆ: ಇರುವ ಜಾಗ ಮರೆಮಾಚಿ ದೇಶದ ನಿರ್ಬಂಧ ದಾಟಿದರೆ ವಾಲ್ವ್ ಖಾತೆಯನ್ನೇ ನಿಲ್ಲಿಸಬಹುದು. 1,400 ರೂಪಾಯಿಯ ಗೇಮ್‌ಗಾಗಿ ವರ್ಷಗಟ್ಟಲೆ ಕೂಡಿಸಿದ ಲೈಬ್ರರಿಯನ್ನು ಪಣಕ್ಕಿಡುವುದು ಯಾವ ಲೆಕ್ಕ? ಇನ್ನೊಂದು ಕಾರಣವೂ ಇದೆ. ವಿಪಿಎನ್ ಹಾಕಿ ಕೀ ಬಳಸಿದ ಕ್ಷಣ ‘ಬಳಕೆಯಾಗಿಲ್ಲ’ ಅನ್ನುವ ಸಾಕ್ಷಿ ಕೈತಪ್ಪುತ್ತದೆ. ಆಮೇಲೆ ಓಡಿಸುವಾಗಿನ ಬೀಗ ಎದುರಾದರೆ ಗೇಮೂ ಇಲ್ಲ, ಹಣವೂ ಇಲ್ಲ.

ಹುಡುಗ ಸಣ್ಣದಾಗಿ ಉತ್ತರ ಬರೆದ: ನಿಮ್ಮ ಪುಟದಲ್ಲಿ ಭಾರತ ಅಂತ ಇತ್ತು, ಕೀ ಬಳಕೆಯಾಗಿಲ್ಲ, ವಿಪಿಎನ್ ಸ್ಟೀಮ್ ಕರಾರಿಗೆ ವಿರುದ್ಧ, ಹಣ ಕೊಟ್ಟ ಕಾರ್ಡಿಗೇ ವಾಪಸ್ ಹಾಕಿ. ಮೊದಲು ಸೈಟಿನ ವಾಲೆಟ್‌ಗೆ ಹಾಕುತ್ತೇವೆ ಅಂದರು. ಅವನು ಪಟ್ಟು ಬಿಡಲಿಲ್ಲ. ಕೊನೆಗೆ ಕಾರ್ಡಿಗೆ ಬಂತು, ಆದರೆ ಸೈಟ್ ತನ್ನ ಸೇವಾ ಶುಲ್ಕ ಹಿಡಿದುಕೊಂಡಿತು. ಈ ಶುಲ್ಕ ಹಣ ಕಟ್ಟುವ ಕೊನೆಯ ಪುಟದಲ್ಲಿ ಮಾತ್ರ ಕಾಣುತ್ತದೆ, ಬೆಲೆ ಹೋಲಿಸುವಾಗ ಯಾರೂ ಅದನ್ನು ಸೇರಿಸುವುದಿಲ್ಲ.

ಇದರ ತಿರುವು ಮುರುವು ಕೂಡ ಆಗುತ್ತದೆ. ಜರ್ಮನಿಯಲ್ಲೋ ಅಮೆರಿಕದಲ್ಲೋ ಇರುವ ನಮ್ಮವರು ‘ಬೆಂಗಳೂರಲ್ಲಿ ಅರ್ಧ ಬೆಲೆ ಇದೆ, ತಮ್ಮನ ಹತ್ರ ಗಿಫ್ಟ್ ಹಾಕಿಸಿಕೊಳ್ತೀನಿ’ ಅಂತ ಹೊರಡುತ್ತಾರೆ. ಎರಡು ದೇಶಗಳ ಬೆಲೆಯ ಅಂತರ ಜಾಸ್ತಿ ಇದ್ದರೆ ಸ್ಟೀಮ್ ಆ ಗಿಫ್ಟ್ ಕಳಿಸಲು ಬಿಡುವುದಿಲ್ಲ. ಭಾರತಕ್ಕೆ ಅಂತ ಬೀಗ ಹಾಕಿದ ಕೀ ಅಲ್ಲಿ ಹಾಕಿದರೂ ಇದೇ ಸಂದೇಶ ಬರುತ್ತದೆ.

ಲಕ್ಷಣ ಎರಡು: ಬೇರೆಯವರು ಬಳಸಿಬಿಟ್ಟಿದ್ದಾರೆ, ಅಥವಾ ಕೀಯೇ ತಪ್ಪು ಅನ್ನುತ್ತದೆ

`already been activated by a different Steam account` ಅಂತ ಬಂದರೆ ಅರ್ಥ ಸ್ಪಷ್ಟ. ಕೀ ನಿಜವಾದದ್ದೇ, ಆದರೆ ಬೇರೊಬ್ಬರ ಖಾತೆಗೆ ಹೋಗಿದೆ. ಒಂದೇ ಕೀಯನ್ನು ಇಬ್ಬರಿಗೆ ಮಾರಿರಬಹುದು, ಅಥವಾ ಮಾರುವವನೂ ಇನ್ನೊಬ್ಬನಿಂದ ಮೋಸ ಹೋಗಿರಬಹುದು. ದೂರು ಕೊಡುವ ಮೊದಲು ಒಂದು ಪರೀಕ್ಷೆ: ನಿಮ್ಮದೇ ಇನ್ನೊಂದು ಹಳೆ ಖಾತೆಯಲ್ಲಿ ಲಾಗಿನ್ ಆಗಿದ್ದಾಗ ಹಾಕಿಬಿಟ್ಟಿಲ್ಲ ತಾನೆ? ಅಣ್ಣ ತಮ್ಮಂದಿರು ಒಂದೇ ಕಂಪ್ಯೂಟರ್ ಬಳಸುವ ಮನೆಗಳಲ್ಲಿ ಇದು ಆಗುತ್ತಲೇ ಇರುತ್ತದೆ. ಎಲ್ಲ ಖಾತೆಗಳ ಲೈಸೆನ್ಸ್ ಪುಟ ನೋಡಿ.

ಕೀ ತಪ್ಪು ಅಂತ ಬಂದರೆ ಕಾರಣ ಎರಡರಲ್ಲೊಂದು. ಒಂದೋ ಅಕ್ಷರ ತಪ್ಪಿದೆ, ಇಲ್ಲವೋ ಅದು ಸ್ಟೀಮ್ ಕೀಯೇ ಅಲ್ಲ. ಅಕ್ಷರ ತಪ್ಪುವುದು ಹೆಚ್ಚಾಗಿ ಕೀಯನ್ನು ಫೋಟೊ ಆಗಿ ಕಳಿಸಿದಾಗ. ಯಾವುದೋ ದೇಶದ ಡಬ್ಬಿಯೊಳಗಿನ ಚೀಟಿಯನ್ನು ಸ್ಕ್ಯಾನ್ ಮಾಡಿ ಕಳಿಸಿರುತ್ತಾರೆ. ಅದರಲ್ಲಿ `8` ಮತ್ತು `B`, `0` ಮತ್ತು `O` ಒಂದೇ ಥರ ಕಾಣುತ್ತವೆ. ಚಿತ್ರವನ್ನು ದೊಡ್ಡದು ಮಾಡಿ, ಅದೇ ಚೀಟಿಯಲ್ಲಿ ಆ ಅಕ್ಷರ ಬೇರೆ ಕಡೆ ಇದ್ದರೆ ಅದಕ್ಕೆ ಹೋಲಿಸಿ ನೋಡಿ. ಹಾಗೆಯೇ ಚೀಟಿಯ ಅಂಚಿನಲ್ಲಿ ಯಾವ ಭಾಷೆ ಇದೆ ಅಂತಲೂ ಗಮನಿಸಿ. ರಷ್ಯನ್ ಲಿಪಿಯ ಅಕ್ಷರ ಕಂಡರೆ ಬೀಗ ಇರಬಹುದು ಅನ್ನುವ ಸೂಚನೆ ಅಲ್ಲೇ ಸಿಕ್ಕಿತು. ಅಂಥ ಕೀ ಹಾಕುವ ಮೊದಲೇ ಮಾರಿದವನನ್ನು ವಿಚಾರಿಸುವುದು ಮೇಲು.

`requires ownership of another product` ಅಂತ ಬಂದರೆ ನೀವು ಕೊಂಡದ್ದು ಪೂರ್ತಿ ಗೇಮ್ ಅಲ್ಲ, ಅದರ ಮೇಲೆ ಕೂರುವ ಹೆಚ್ಚುವರಿ ಭಾಗ. ಬೆಲೆ ಅಷ್ಟು ಕಡಿಮೆ ಇದ್ದದ್ದು ಅದಕ್ಕೇ.

ಲಕ್ಷಣ ಮೂರು: ಆಡುತ್ತಿದ್ದ ಗೇಮ್ ಲೈಬ್ರರಿಯಿಂದ ಹೋಗಿದೆ

ಇದು ಎಲ್ಲಕ್ಕಿಂತ ಸಂಕಟದ್ದು. ವಾರಗಳ ಕಾಲ, ಕೆಲವೊಮ್ಮೆ ತಿಂಗಳುಗಟ್ಟಲೆ ಆಡಿದ ಮೇಲೆ ಒಂದು ದಿನ ಗೇಮ್ ಇರುವುದಿಲ್ಲ. ಸ್ಟೀಮ್ ತೆರೆದಾಗ ಅದನ್ನು ತೆಗೆಯಲಾಗಿದೆ ಅನ್ನುವ ಸೂಚನೆ ಬರುತ್ತದೆ. ಕೀ ರದ್ದಾದದ್ದು ನಿಜವೇ ಅಂತ ತಿಳಿಯಲು ಮತ್ತೆ ಲೈಸೆನ್ಸ್ ಪುಟಕ್ಕೇ ಹೋಗಿ. ಲೈಬ್ರರಿಯಲ್ಲಿ ಗೇಮ್ ಕಾಣದೆ ಈ ಪುಟದಲ್ಲಿ ಹೆಸರು ಇದ್ದರೆ ನೀವೇ ಅಡಗಿಸಿಟ್ಟಿರಬಹುದು. ಇಲ್ಲೂ ಹೆಸರು ಇಲ್ಲದಿದ್ದರೆ ಲೈಸೆನ್ಸ್ ಹೋಗಿದೆ.

ಹೀಗಾಗಲು ದೊಡ್ಡ ಕಾರಣ ಕದ್ದ ಕ್ರೆಡಿಟ್ ಕಾರ್ಡ್. ಕಳ್ಳ ಯಾರದೋ ಕಾರ್ಡಿನ ವಿವರ ಹಾಕಿ ಅಧಿಕೃತ ಅಂಗಡಿಯಿಂದ ಕೀ ಕೊಳ್ಳುತ್ತಾನೆ. ಕೀ ಕೂಡಲೇ ಕೈಗೆ ಸಿಗುತ್ತದೆ, ಪಾರ್ಸೆಲ್ ಇಲ್ಲ, ವಿಳಾಸ ಇಲ್ಲ. ಅವನಿಗೆ ಅದು ಪುಕ್ಕಟೆ ಸಿಕ್ಕಿದ್ದು, ಹಾಗಾಗಿ ಅರ್ಧ ಬೆಲೆಗೆ ಮಾರಿದರೂ ಎಲ್ಲವೂ ಲಾಭವೇ. ನೀವು ಕೊಳ್ಳುತ್ತೀರಿ, ಆಡುತ್ತೀರಿ. ಇತ್ತ ಕಾರ್ಡಿನ ಮಾಲೀಕರು ತಿಂಗಳ ಬಿಲ್ಲು ನೋಡಿ ಬ್ಯಾಂಕಿಗೆ ದೂರು ಕೊಡುತ್ತಾರೆ. ಬ್ಯಾಂಕ್ ಹಣವನ್ನು ಅಂಗಡಿಯಿಂದ ವಾಪಸ್ ಎಳೆದುಕೊಳ್ಳುತ್ತದೆ, ಮೇಲೆ ದಂಡದ ಹಾಗೆ ಒಂದು ಶುಲ್ಕವನ್ನೂ ಹಾಕುತ್ತದೆ. ಅಂಗಡಿ ಪಬ್ಲಿಷರ್‌ಗೆ ಕೀ ನಂಬರ್ ಕೊಡುತ್ತದೆ. ಪಬ್ಲಿಷರ್ ಅದನ್ನು ರದ್ದು ಮಾಡುತ್ತಾರೆ. ಇಷ್ಟೆಲ್ಲ ಆಗಲು ಸಮಯ ಹಿಡಿಯುವುದರಿಂದಲೇ ನಿಮ್ಮ ಗೇಮ್ ಕೊಂಡ ದಿನ ಹೋಗದೆ ಎಷ್ಟೋ ದಿನಗಳ ಮೇಲೆ ಹೋಗುತ್ತದೆ.

ಇದು ದೊಡ್ಡ ಪ್ರಮಾಣದಲ್ಲಿ ಎಲ್ಲರ ಕಣ್ಣಿಗೆ ಬಿದ್ದದ್ದು 2015ರ ಜನವರಿಯಲ್ಲಿ. ಯೂಬಿಸಾಫ್ಟ್ ಕಂಪನಿ ‘ಫಾರ್ ಕ್ರೈ 4’ ಮೊದಲಾದ ಗೇಮ್‌ಗಳ ಕೀಗಳನ್ನು ಒಮ್ಮೆಗೇ ರದ್ದು ಮಾಡಿತು. ಆ ಕೀಗಳನ್ನು ಇಎ ಕಂಪನಿಯ ಆರಿಜಿನ್ ಅಂಗಡಿಯಿಂದ ಕದ್ದ ಕಾರ್ಡ್‌ಗಳಲ್ಲಿ ಕೊಂಡು ಮರುಮಾರಾಟ ಮಾಡಲಾಗಿತ್ತು. ಜನರ ಆಕ್ರೋಶ ಜೋರಾದ ಮೇಲೆ, ಆಗಲೇ ಆಕ್ಟಿವೇಟ್ ಮಾಡಿ ಆಡಲು ಶುರು ಮಾಡಿದ್ದವರಿಗೆ ಕಂಪನಿ ಗೇಮ್ ವಾಪಸ್ ಕೊಟ್ಟಿತು. ಅದು ಕಂಪನಿ ತೋರಿಸಿದ ಔದಾರ್ಯ ಅಷ್ಟೆ. ಎಲ್ಲ ಪಬ್ಲಿಷರ್‌ಗಳಿಂದ ಅದನ್ನು ನಿರೀಕ್ಷಿಸಲಾಗದು.

ಸಣ್ಣ ಕಂಪನಿಗಳ ಪಾಡು ಇನ್ನೂ ಕಷ್ಟ. ‘ಫ್ಯಾಕ್ಟೋರಿಯೊ’ ಗೇಮ್ ಮಾಡಿದ ಚೆಕ್ ದೇಶದ ವೂಬೆ ತಂಡ ತನ್ನದೇ ಸೈಟಿನಲ್ಲಿ ಕೀ ಮಾರುತ್ತಿತ್ತು. 2016ರಲ್ಲಿ ಕದ್ದ ಕಾರ್ಡ್‌ಗಳ ಹಾವಳಿಗೆ ಸಿಕ್ಕಿತು. ಮುಂದೆ 2019ರಲ್ಲಿ ಜಿ2ಎ ಒಂದು ಸವಾಲು ಹಾಕಿತು: ಕದ್ದ ಕೀ ನಮ್ಮಲ್ಲಿ ಮಾರಾಟವಾಗಿದ್ದು ಸಾಬೀತಾದರೆ ನಷ್ಟದ ಹತ್ತು ಪಟ್ಟು ಕೊಡುತ್ತೇವೆ. ವೂಬೆ ಕೀಗಳ ಪಟ್ಟಿ ಕೊಟ್ಟಿತು. ತಪಾಸಣೆಯಲ್ಲಿ 198 ಕೀ ಅಲ್ಲೇ ಮಾರಾಟವಾಗಿದ್ದು ಕಂಡುಬಂತು. 2020ರ ಮೇ ತಿಂಗಳಲ್ಲಿ ಜಿ2ಎ 39,600 ಡಾಲರ್ ಕೊಟ್ಟಿತು. ಭಾಗಿಸಿ ನೋಡಿ: ಒಂದು ಕೀಗೆ 200 ಡಾಲರ್, ಹತ್ತು ಪಟ್ಟು ತೆಗೆದರೆ 20 ಡಾಲರ್. ಗೇಮ್ ಮಾಡಿದವರಿಗೆ ಆ ಕೀಗಳ ಮಾರಾಟದಿಂದ ಒಂದು ಪೈಸೆ ಬರಲಿಲ್ಲ, ಜೊತೆಗೆ ಪ್ರತಿ ಕೀಗೂ ಇಂಥ ನಷ್ಟ. ಆ ಕೀ ಕೊಂಡವರು ತಾವು ತಂಡಕ್ಕೆ ಬೆಂಬಲ ಕೊಟ್ಟೆವು ಅಂತಲೇ ಅಂದುಕೊಂಡಿರುತ್ತಾರೆ.

ರದ್ದಾಗಲು ಇನ್ನೊಂದು ಕಾರಣ ಇದೆ, ಅದನ್ನು ಲೈಸೆನ್ಸ್ ಪುಟದಲ್ಲಿ ಮೊದಲೇ ಹಿಡಿಯಬಹುದು. ಗೇಮ್ ಮಾಡುವವರಿಗೆ ಸ್ಟೀಮ್‌ನಲ್ಲಿ ಮಾರಾಟದ ಪ್ಯಾಕೇಜ್ ಜೊತೆಗೆ ಇನ್ನೆರಡು ಸಿಗುತ್ತವೆ. ಅವುಗಳ ಹೆಸರಿನ ಕೊನೆಗೆ ಹೀಗಿರುತ್ತದೆ:

```
Developer Comp
for Beta Testing
```

ಕೀ ಹಾಕಿದ ಮೇಲೆ ಲೈಸೆನ್ಸ್ ಪುಟದಲ್ಲಿ ಗೇಮ್ ಹೆಸರಿನ ಮುಂದೆ ಇವುಗಳಲ್ಲಿ ಒಂದು ಕಂಡರೆ, ಅಥವಾ `Press`, `Review` ಅಂತ ಕಂಡರೆ, ಆ ಕೀ ಮಾರಾಟಕ್ಕೆ ಅಂತ ಹುಟ್ಟಿದ್ದೇ ಅಲ್ಲ. ಪರೀಕ್ಷೆ ಮಾಡುವವರಿಗೋ ಪತ್ರಕರ್ತರಿಗೋ ಉಚಿತವಾಗಿ ಕೊಟ್ಟದ್ದು. ನಾನು ದೊಡ್ಡ ಯೂಟ್ಯೂಬ್ ಚಾನೆಲ್‌ನವನು ಅಂತ ಸುಳ್ಳು ಮೇಲ್ ಹಾಕಿ ಸಣ್ಣ ಡೆವಲಪರ್‌ಗಳಿಂದ ಇಂಥ ಕೀ ಎತ್ತಿಕೊಂಡು ಮಾರುವವರಿದ್ದಾರೆ. ಪರೀಕ್ಷೆ ಮುಗಿದ ಮೇಲೆ ಇಡೀ ಗುಂಪಿನ ಕೀಗಳನ್ನು ಒಟ್ಟಿಗೆ ರದ್ದು ಮಾಡಬಹುದು. ಗೇಮ್ ಇನ್ನೂ ಓಡುತ್ತಿರುವಾಗಲೇ ಈ ಹೆಸರು ಕಂಡರೆ ಕಾಯಬೇಡಿ. ಸ್ಕ್ರೀನ್‌ಶಾಟ್ ಹಾಕಿ ಆಗಲೇ ಹಣ ವಾಪಸ್ ಕೇಳಿ.

ಗೇಮ್ ಹೋದ ಮೇಲೆ ಸ್ಟೀಮ್ ಸಪೋರ್ಟ್‌ಗೆ ಬರೆದು ಪ್ರಯೋಜನ ಕಡಿಮೆ. ಹೊರಗೆ ಕೊಂಡ ಕೀಗೆ ವಾಲ್ವ್ ಹಣ ವಾಪಸ್ ಕೊಡುವುದಿಲ್ಲ, ಕೊಂಡ ಜಾಗದಲ್ಲೇ ಕೇಳಿ ಅನ್ನುತ್ತದೆ. ಆದರೂ ಒಂದು ಸಲ ಬರೆದು, ಕೀ ರದ್ದಾಗಿದೆ ಅನ್ನುವ ಉತ್ತರ ಪಡೆದುಕೊಳ್ಳಿ. ಆ ಉತ್ತರ ಮಾರ್ಕೆಟ್‌ಪ್ಲೇಸ್‌ಗೆ, ಅಲ್ಲಿ ಆಗದಿದ್ದರೆ ಬ್ಯಾಂಕಿಗೆ ತೋರಿಸಲು ಬೇಕಾಗುತ್ತದೆ. ಗೇಮ್ ಮಾಡಿದವರಿಗೂ ಕೀ ಮತ್ತು ಕೊಂಡ ರಸೀದಿ ಕಳಿಸಿ. ಅವರಿಗೆ ಆ ಕೀ ಯಾವ ಗುಂಪಿನದು, ಯಾರಿಗೆ ಕೊಟ್ಟದ್ದು ಅಂತ ಕಾಣುತ್ತದೆ. ಗೇಮ್ ವಾಪಸ್ ಕೊಡಲೇಬೇಕು ಅಂತ ಅವರ ಮೇಲೆ ಹರಿಹಾಯಬೇಡಿ, ಅವರೂ ನಿಮ್ಮ ಹಾಗೇ ಕಳೆದುಕೊಂಡವರು.

ಒಂದು ಸಮಾಧಾನ: ಹೀಗೆ ಒಂದು ಕೀ ರದ್ದಾದರೆ ಸಾಮಾನ್ಯವಾಗಿ ಆ ಗೇಮ್ ಮಾತ್ರ ಹೋಗುತ್ತದೆ, ಖಾತೆಗೆ ಏನೂ ಆಗುವುದಿಲ್ಲ. ಆಟದ ಸೇವ್ ಫೈಲ್ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ, ಅದನ್ನು ಅಳಿಸದೆ ಬೇರೆ ಕಡೆ ಕಾಪಿ ಮಾಡಿಡಿ. ಮುಂದೆ ಅದೇ ಖಾತೆಗೆ ಸರಿಯಾಗಿ ಕೊಂಡರೆ ನಿಲ್ಲಿಸಿದಲ್ಲಿಂದ ಮುಂದುವರಿಸಬಹುದು.

ಲಕ್ಷಣ ನಾಲ್ಕು: ಕೀ ಬದಲು ಪಾಸ್‌ವರ್ಡ್ ಬಂದಿದೆ

ತೀರಾ ಅಗ್ಗದ ಸಾಲುಗಳಲ್ಲಿ ಈಗ ಇದು ಜಾಸ್ತಿ. ಪುಟದ ಹೆಸರಿನಲ್ಲಿ `Steam Key` ಇರುವ ಜಾಗದಲ್ಲಿ `Steam Account` ಅಂತ ಇರುತ್ತದೆ. ಒಂದೇ ಪದದ ವ್ಯತ್ಯಾಸ, ಬೇಗ ಓದಿದರೆ ಕಣ್ಣಿಗೆ ಬೀಳುವುದಿಲ್ಲ. ನಿಮಗೆ ಬರುವುದು ಯಾರದೋ ಖಾತೆಯ ಹೆಸರು ಮತ್ತು ಪಾಸ್‌ವರ್ಡ್. ಅದೇ ಖಾತೆಯನ್ನು ಬೇರೆಯವರಿಗೂ ಮಾರಿರಬಹುದು, ಮೂಲ ಮಾಲೀಕ ಯಾವಾಗ ಬೇಕಾದರೂ ಪಾಸ್‌ವರ್ಡ್ ಬದಲಿಸಬಹುದು. ಖಾತೆ ಮಾರುವುದು ಕೊಳ್ಳುವುದೇ ಸ್ಟೀಮ್ ಕರಾರಿಗೆ ವಿರುದ್ಧ, ಹಾಗಾಗಿ ಇದಕ್ಕೆ ದುರಸ್ತಿ ಇಲ್ಲ. ಹಣ ವಾಪಸ್ ಕೇಳುವುದೊಂದೇ ದಾರಿ. ನಿಮ್ಮ ಸ್ವಂತ ಖಾತೆಗೆ ಅದನ್ನು ಯಾವ ಥರದಲ್ಲೂ ಜೋಡಿಸಬೇಡಿ.

ಮುಂದಿನ ಸಲ ಕೊಳ್ಳುವಾಗ

ಮೊದಲು ಅಧಿಕೃತ ಅಂಗಡಿಗಳಲ್ಲಿ ಆ ಗೇಮ್ ಹಿಂದೆ ಎಷ್ಟು ಕಡಿಮೆಗೆ ಬಂದಿತ್ತು ಅಂತ ನೋಡಿ. ಇಸ್‌ದೇರ್‌ಎನಿಡೀಲ್ ಸೈಟ್ ಅಧಿಕೃತ ಅಂಗಡಿಗಳ ಬೆಲೆಯನ್ನು ಮಾತ್ರ ತೋರಿಸುತ್ತದೆ. ಜಿಜಿ.ಡೀಲ್ಸ್ ಅಧಿಕೃತ ಅಂಗಡಿ ಮತ್ತು ಮರುಮಾರಾಟದ ಜಾಗಗಳನ್ನು ಬೇರೆ ಬೇರೆ ಸಾಲಿನಲ್ಲಿ ಇಡುತ್ತದೆ. ಆರು ತಿಂಗಳ ಹಿಂದೆ ಸ್ಟೀಮ್‌ನಲ್ಲೇ 1,500ಕ್ಕೆ ಬಂದಿದ್ದ ಗೇಮ್‌ಗೆ 1,400 ಕೊಟ್ಟು ಈ ಎಲ್ಲ ತಲೆನೋವು ತಂದುಕೊಳ್ಳುವುದರಲ್ಲಿ ಅರ್ಥ ಇಲ್ಲ, ಅಲ್ವಾ? ಸ್ಟೀಮ್‌ನಲ್ಲೇ ಕೊಂಡರೆ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ವಾಪಸ್ ಮಾಡುವ ಅವಕಾಶವೂ ಇದೆ. ಹೊರಗಿನ ಕೀಗೆ ಅದು ಇಲ್ಲ. ಅಂತರ ನಿಜಕ್ಕೂ ದೊಡ್ಡದು, ಬಿಡುಗಡೆಯಾಗಿ ವಾರವೂ ಆಗದ ಗೇಮ್ ಅರ್ಧ ಬೆಲೆಗೆ ಸಿಗುತ್ತಿದೆ ಅಂತಾದರೆ, ಬಂಡಲ್‌ನಲ್ಲಿ ಉಳಿದ ಕೀ ಅನ್ನುವ ಸಮಜಾಯಿಷಿ ಅಲ್ಲಿಗೆ ಹೊಂದುವುದಿಲ್ಲ. ಅಷ್ಟು ಹೊಸ ಗೇಮ್ ಸಾಮಾನ್ಯವಾಗಿ ಬಂಡಲ್‌ಗೆ ಬಂದಿರುವುದಿಲ್ಲ.

ಅಷ್ಟಾದ ಮೇಲೂ ಮಾರ್ಕೆಟ್‌ಪ್ಲೇಸ್‌ನಲ್ಲೇ ಕೊಳ್ಳುತ್ತೀರಿ ಅಂತಾದರೆ ಯುಪಿಐ ಬದಲು ಕ್ರೆಡಿಟ್ ಕಾರ್ಡ್ ಬಳಸಿ. ಯುಪಿಐನಲ್ಲಿ ಹೋದ ಹಣ ವಾಪಸ್ ತರುವುದು ಕಷ್ಟ. ಕಾರ್ಡ್ ಆದರೆ ಕೊಟ್ಟ ಮಾತಿನಂತೆ ಸರಕು ಬರಲಿಲ್ಲ ಅಂತ ಬ್ಯಾಂಕಿಗೆ ದೂರು ಕೊಡಬಹುದು. ಇದಕ್ಕೆ ಸಾಮಾನ್ಯವಾಗಿ 120 ದಿನಗಳ ಆಸುಪಾಸು ಸಮಯ ಇರುತ್ತದೆ. ಆದರೆ ಈ ದೂರು ಮಾರ್ಕೆಟ್‌ಪ್ಲೇಸ್ ವಿರುದ್ಧ ಇರಲಿ. ತಪ್ಪಿ ಸ್ಟೀಮ್‌ಗೆ ಕಟ್ಟಿದ ಹಣದ ಮೇಲೆ ದೂರು ಹಾಕಿದರೆ ನಿಮ್ಮ ಸ್ಟೀಮ್ ಖಾತೆಗೇ ಬೀಗ ಬೀಳುತ್ತದೆ. ಕೊಂಡ ಕೀಯನ್ನು ‘ರಜೆಯಲ್ಲಿ ಆಡೋಣ’ ಅಂತ ಇಟ್ಟುಕೊಳ್ಳಬೇಡಿ, ಅವತ್ತೇ ಹಾಕಿ ಲೈಸೆನ್ಸ್ ಪುಟದಲ್ಲಿ ಪ್ಯಾಕೇಜ್ ಹೆಸರು ನೋಡಿ. ದೂರಿನ ದಿನಗಳ ಲೆಕ್ಕ ಸಾಮಾನ್ಯವಾಗಿ ಹಣ ಕಟ್ಟಿದ ದಿನದಿಂದಲೇ ಶುರುವಾಗುತ್ತದೆ.